ಪೊಳ್ಳು ಪ್ರತಿಕೃತಿಗೆ ಎರಡು ರಂಧ್ರಗಳೇಕೆ?

ಹುಬ್ಬಳ್ಳಿಯ ಉಣಕಲ್ಲಿನಲ್ಲಿರುವ ಚಂದ್ರಮೌಳೇಶ್ವರ ದೇವಾಲಯದ ಕಿರುಪ್ರತಿಕೃತಿಯೊಂದನ್ನು ನಾವು ರಾಳದಿಂದ ಮುದ್ರಿಸುವೆವೆಂದು ಭಾವಿಸೋಣ. ಯಂತ್ರವು ತೊಟ್ಟಿಯಲ್ಲಿನ ದ್ರವರಾಳವನ್ನು ಅತಿನೇರಿಳೆ ಬೆಳಕಿನಿಂದ ಪದರಪದರವಾಗಿ ಗಟ್ಟಿಗೊಳಿಸುತ್ತದೆ.

ಲೆಕ್ಕದ ಅನುಕೂಲಕ್ಕಾಗಿ ಪ್ರತಿಕೃತಿಯನ್ನು 4 ಸೆಂ.ಮೀ. ಬದಿಯ ಘನವೆಂದು ಎಣಿಸಿದರೆ, 64 ಘನ ಸೆಂ.ಮೀ. ರಾಳ ಬೇಕಾಗುತ್ತದೆ. ಒಳಭಾಗವನ್ನು ಪೊಳ್ಳುಮಾಡಿ 2 ಮಿ.ಮೀ. ದಪ್ಪದ ಗೋಡೆಯನ್ನಷ್ಟೇ ಉಳಿಸಿದರೆ ಸುಮಾರು 17 ಘನ ಸೆಂ.ಮೀ. ಸಾಕು. ಆದರೆ ಸುತ್ತಲೂ ಮುಚ್ಚಿದ ಪೊಳ್ಳಿನೊಳಗೆ ತೊಟ್ಟಿಯ ದ್ರವವೇ ಸೆರೆಯಾಗುತ್ತದೆ. ಬೆಳಕು ಕಾಣದ ಆ ದ್ರವವು ವಾರಗಳ ಬಳಿಕ ಗೋಡೆಯನ್ನು ಬಿರಿಸಿ ಹೊರಗೆ ಜಿನುಗಬಹುದು. ಅದು ಚರ್ಮಕ್ಕೆ ಹಾನಿಕರ.

ಎಣ್ಣೆಯ ಡಬ್ಬಕ್ಕೆ ಒಂದೇ ತೂತು ಕೊರೆದರೆ ಎಣ್ಣೆಯು ಸರಾಗವಾಗಿ ಇಳಿಯದು. ಗಾಳಿ ಒಳಹೋಗಲು ಮತ್ತೊಂದು ಬೇಕು. ಇಲ್ಲಿಯೂ ಹಾಗೆಯೇ. ಪೀಠದ ಅಡಿಯಲ್ಲಿ, ಒಂದಕ್ಕೊಂದು ದೂರವಾಗಿ, 3 ಮಿ.ಮೀ. ವ್ಯಾಸದ ಎರಡು ರಂಧ್ರಗಳನ್ನಿಡಬೇಕು. ಅವು ಮುದ್ರಣಫಲಕಕ್ಕೆ ಒತ್ತಿ ಮುಚ್ಚಿಹೋಗದಂತೆ ಪ್ರತಿಕೃತಿಯನ್ನು ಆಧಾರಕಡ್ಡಿಗಳಿಂದ ಓರೆಯಾಗಿ ನಿಲ್ಲಿಸಬೇಕು.

ಮುದ್ರಣ ಮುಗಿದ ಮೇಲೆ, ಕೈಗವಸು ತೊಟ್ಟು, ದ್ರವವನ್ನು ಬಸಿದು, ಒಂದು ರಂಧ್ರದಿಂದ ಐಸೊಪ್ರೊಪೈಲ್ ಆಲ್ಕೊಹಾಲನ್ನು ಪಿಚಕಾರಿಯಿಂದ ಹಾಯಿಸಿ ಒಳಭಾಗವನ್ನು ತೊಳೆಯಬೇಕು. ಒಣಗಿದ ಬಳಿಕ ತೂಗಿದರೆ ಸುಮಾರು 20 ಗ್ರಾಂ ಇರಬೇಕು. 40 ಗ್ರಾಂ ತೂಗಿದರೆ ದ್ರವವು ಇನ್ನೂ ಒಳಗಿದೆಯೆಂದೇ ಅರ್ಥ. ಕೊನೆಗೆ ರಂಧ್ರದೊಳಕ್ಕೂ ಅತಿನೇರಿಳೆ ಬೆಳಕನ್ನು ಹಾಯಿಸಿ, ಅನಂತರವೇ ರಂಧ್ರಗಳನ್ನು ಮುಚ್ಚತಕ್ಕದ್ದು.