ಸಾಕ್ಷಿ ಇರುವುದು ಗೆಳೆಯರ ಫೋನಿನಲ್ಲಿ

ತುಮಕೂರಿನ ಒಬ್ಬ ನಿವೃತ್ತ ಮೇಷ್ಟ್ರು ಎಂದಿಟ್ಟುಕೊಳ್ಳಿ. ಭಾನುವಾರ ಬೆಳಿಗ್ಗೆ 10.40ಕ್ಕೆ ಅವರ ಫೋನಿಗೆ ಆರಂಕಿಯ ಕೋಡ್ ಬರುತ್ತದೆ. ಹಿಂದೆಯೇ ಹಳೆಯ ಸಹೋದ್ಯೋಗಿಯ ವಾಟ್ಸ್ಆ್ಯಪ್‌ನಿಂದ ಒಂದು ಸಂದೇಶ: "ಸರ್, ನನ್ನ ಕೋಡ್ ತಪ್ಪಿ ನಿಮ್ಮ ನಂಬರಿಗೆ ಬಂದಿದೆ, ಸ್ವಲ್ಪ ಕಳಿಸ್ತೀರಾ?" ಗುರುತಿನವರು ಕೇಳಿದ್ದಾರೆಂದು ಮೇಷ್ಟ್ರು ಕಳಿಸಿಬಿಡುತ್ತಾರೆ. ಆ ಸಹೋದ್ಯೋಗಿಯ ಖಾತೆ ಹಿಂದಿನ ದಿನವೇ ಕಳ್ಳರ ಕೈ ಸೇರಿತ್ತು. ಎರಡು ನಿಮಿಷದಲ್ಲಿ ಮೇಷ್ಟ್ರ ವಾಟ್ಸ್ಆ್ಯಪ್ ಕೂಡ ಅವರ ಫೋನಿನಿಂದ ಹೊರಬೀಳುತ್ತದೆ.

ಹಳೆಯ ಚಾಟ್‌ಗಳು ಕಳ್ಳನಿಗೆ ಸಿಗುವುದಿಲ್ಲ, ಅವು ಮೇಷ್ಟ್ರ ಫೋನಿನಲ್ಲೇ ಉಳಿಯುತ್ತವೆ. ಆದರೆ ಮೇಷ್ಟ್ರು ಇರುವ ಗುಂಪುಗಳು ಖಾತೆಯ ಜೊತೆಗೇ ಅವನ ಕಣ್ಣಿಗೆ ಬೀಳುತ್ತವೆ, ಅಲ್ಲಿಂದ ಗೆಳೆಯರ ನಂಬರುಗಳನ್ನು ಹೆಕ್ಕುತ್ತಾನೆ. 11.05ಕ್ಕೆ ಗೊಬ್ಬರದ ಅಂಗಡಿ ಇಟ್ಟಿರುವ ಗೆಳೆಯರಿಗೆ ಸಂದೇಶ ಹೋಗುತ್ತದೆ: ಆಸ್ಪತ್ರೆಯಲ್ಲಿದ್ದೇನೆ, 18,000 ರೂಪಾಯಿ ಬೇಕು, ಸಂಜೆ ವಾಪಸ್ ಕೊಡುತ್ತೇನೆ. ಜೊತೆಗೆ ಬೇರೊಬ್ಬರ ಹೆಸರಿನ ಯುಪಿಐ ಐಡಿ. ಗೆಳೆಯರು ಹಿಂದೆಮುಂದೆ ನೋಡದೆ ಹಾಕುತ್ತಾರೆ. ಇನ್ನೊಬ್ಬರಿಗೆ ಮಾತ್ರ ಅನುಮಾನ ಬಂತು. ಸದಾ ಕನ್ನಡದಲ್ಲೇ ಬರೆಯುವ ಮೇಷ್ಟ್ರು ಇವತ್ತೇಕೆ ಇಂಗ್ಲಿಷಿನಲ್ಲಿ ಕೇಳುತ್ತಿದ್ದಾರೆ ಎಂದು ಅವರು ನೇರವಾಗಿ ಫೋನ್ ಮಾಡಿದರು. ವಿಷಯ ಬಯಲಾಗಿದ್ದು ಹೀಗೆ.

ಇಲ್ಲಿ ನೊಂದವರು ಇಬ್ಬರು ಎಂಬುದನ್ನು ಮೊದಲು ತಿಳಿಯಬೇಕು. ಖಾತೆ ಕಳೆದುಕೊಂಡವರು ಮೇಷ್ಟ್ರು, ಹಣ ಕಳೆದುಕೊಂಡವರು ಗೆಳೆಯರು. ದೂರೂ ಎರಡಾಗಬೇಕು. ಮೇಷ್ಟ್ರೇ ಎಲ್ಲರ ಪರವಾಗಿ ದೂರು ಕೊಡುತ್ತಾರೆಂದು ಗೆಳೆಯರು ಕಾಯುತ್ತ ಕೂತರೆ ಆ ಹೊತ್ತಿಗೆ ಹಣ ಮೂರ್ನಾಲ್ಕು ಖಾತೆ ದಾಟಿರುತ್ತದೆ.

1930ಕ್ಕೆ ಕರೆ ಮಾಡಬೇಕಾದವರು ಹಣ ಹಾಕಿದ ಗೆಳೆಯರು, ಅದೂ ಕೂಡಲೇ. ಕರೆ ತೆಗೆದುಕೊಂಡವರು ವಿವರವನ್ನು ಬ್ಯಾಂಕುಗಳು ಸೇರಿಕೊಂಡಿರುವ ಕೇಂದ್ರ ಗೃಹ ಇಲಾಖೆಯ ವ್ಯವಸ್ಥೆಗೆ ಏರಿಸುತ್ತಾರೆ. ಹಣ ಸೇರಿದ ಬ್ಯಾಂಕಿನಲ್ಲಿ ಅದು ಇನ್ನೂ ಇದ್ದರೆ ಅಷ್ಟಕ್ಕೆ ತಡೆ ಬೀಳುತ್ತದೆ. ಮುಂದಿನ ಬ್ಯಾಂಕಿಗೆ ಹೋಗಿದ್ದರೆ ದೂರು ಅಲ್ಲಿಗೆ ಬೆನ್ನಟ್ಟುತ್ತದೆ. ಎಟಿಎಂನಿಂದ ನಗದಾಗಿ ತೆಗೆದಿದ್ದರೆ ತಡೆಯಲು ಏನೂ ಉಳಿದಿರುವುದಿಲ್ಲ.

ಈ ಕರೆಯಲ್ಲಿ ಎಡವುವುದು ಒಂದು ಸಣ್ಣ ಸಂಖ್ಯೆಯಲ್ಲಿ. ಬ್ಯಾಂಕುಗಳು ಯುಪಿಐ ವ್ಯವಹಾರವನ್ನು ಹುಡುಕುವುದು 12 ಅಂಕಿಯ ಯುಟಿಆರ್ ಸಂಖ್ಯೆಯಿಂದ. ಪಾವತಿ ಆ್ಯಪಿನ ರಸೀದಿಯಲ್ಲಿ ಅಕ್ಷರ, ಅಂಕಿ ಬೆರೆತ ಇನ್ನೊಂದು ಉದ್ದನೆಯ ಐಡಿಯೂ ಇರುತ್ತದೆ. ಅದು ಆ ಆ್ಯಪಿನ ಸ್ವಂತ ಲೆಕ್ಕಕ್ಕೆ ಮಾತ್ರ. ಗಾಬರಿಯಲ್ಲಿ ಅದನ್ನೇ ಓದಿ ಹೇಳಿದರೆ ಬ್ಯಾಂಕಿನವರಿಗೆ ವ್ಯವಹಾರ ಸಿಗುವುದೇ ಕಷ್ಟ. ಬರೀ ಅಂಕಿಗಳಿದ್ದು, ಎಣಿಸಿದರೆ 12 ಬಂದರೆ ಅದೇ ಬೇಕಾದದ್ದು. ಇದರ ಜೊತೆ ಮೊತ್ತ, ಸಮಯ, ತಮ್ಮ ಬ್ಯಾಂಕಿನ ಹೆಸರು, ಹಣ ಪಡೆದ ಯುಪಿಐ ಐಡಿ ಹೇಳಬೇಕು. ಕರೆ ಮುಗಿದ ಮೇಲೆ ಎಸ್‌ಎಂಎಸ್‌ನಲ್ಲಿ ಬರುವ ಸ್ವೀಕೃತಿ ಸಂಖ್ಯೆ ಹಿಡಿದು cybercrime.gov.in ತಾಣದಲ್ಲಿ ದೂರನ್ನು ಪೂರ್ತಿಗೊಳಿಸಬೇಕು. ಕರೆ ಮಾಡಿದ್ದಾಯಿತು ಎಂದು ಇದನ್ನು ಅರ್ಧಕ್ಕೆ ಬಿಡಬಾರದು.

ಇನ್ನು ಮೇಷ್ಟ್ರ ದೂರು. ನನ್ನ ದುಡ್ಡೇನೂ ಹೋಗಿಲ್ಲವಲ್ಲ ಎಂದು ಅವರು ಸುಮ್ಮನಾಗುವಂತಿಲ್ಲ. ಗೆಳೆಯರು ತಮ್ಮ ದೂರಿನಲ್ಲಿ ಶಂಕಿತರ ವಿವರದ ಜಾಗದಲ್ಲಿ ಬರೆಯುವ ಮೊಬೈಲ್ ನಂಬರ್ ಯಾರದು? ಹಣ ಕೇಳಿದ ನಂಬರ್, ಅಂದರೆ ಮೇಷ್ಟ್ರದ್ದೇ! ಆದ್ದರಿಂದ ಅದೇ ದಿನ, ಅದೇ ತಾಣದಲ್ಲಿ, ಹಣದ ವಂಚನೆಯಲ್ಲದ ಇತರ ಸೈಬರ್ ಅಪರಾಧಗಳ ವಿಭಾಗದಲ್ಲಿ ಅವರು ತಮ್ಮ ದೂರು ದಾಖಲಿಸಬೇಕು. ಯಾವಾಗ ಖಾತೆ ಕೈತಪ್ಪಿತು, ಯಾವಾಗ ಮರಳಿ ಬಂತು ಎಂಬುದನ್ನು ಗಂಟೆ, ನಿಮಿಷ ಸಮೇತ ಬರೆದು, ಗೆಳೆಯರ ಸ್ವೀಕೃತಿ ಸಂಖ್ಯೆಯನ್ನೂ ಅದರಲ್ಲಿ ಸೇರಿಸಬೇಕು. ಬೇರೊಬ್ಬರ ಗುರುತು ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂಗೆ ಬರುತ್ತದೆ, ಅವರಂತೆ ನಟಿಸಿ ಮೋಸ ಮಾಡುವುದು 66ಡಿಗೆ. ತಾಣದಲ್ಲಿ ಕೊಟ್ಟ ದೂರು ತನ್ನಷ್ಟಕ್ಕೆ ಎಫ್‌ಐಆರ್ ಆಗಿಬಿಡುವುದಿಲ್ಲ, ಮುದ್ರಿತ ಪ್ರತಿ ಹಿಡಿದು ಜಿಲ್ಲೆಯ ಸೆನ್ ಠಾಣೆಗೆ ಹೋಗಿ ಬರುವುದೇ ಒಳ್ಳೆಯದು.

ಖಾತೆ ಮರಳಿ ಪಡೆಯುವ ಕೆಲಸ ಇದರ ಜೊತೆಜೊತೆಗೇ ನಡೆಯಲಿ. ಆದರೆ ಅದಕ್ಕೂ ಮುಂಚೆ ಒಂದು ಕ್ಷಣ ನಿಲ್ಲಿ. ನಿಮ್ಮ ನಂಬರ್ ಈ ಫೋನಿನಲ್ಲಿ ನೋಂದಣಿಯಾಗಿಲ್ಲ ಎಂದು ವಾಟ್ಸ್ಆ್ಯಪ್ ತೋರಿಸುವ ಪರದೆಯನ್ನೂ ಕೋಡ್ ಬಂದ ಎಸ್‌ಎಂಎಸ್ ಅನ್ನೂ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಬೇಕು. ಆ್ಯಪ್ ಅಳಿಸಬಾರದು. ಕೋಡ್ ಕೇಳಿದ ಆ ಮೊದಲ ಸಂದೇಶ ಅದರೊಳಗಿದೆ. ಆಮೇಲೆ ಅದೇ ಆ್ಯಪಿನಲ್ಲಿ ತಮ್ಮ ನಂಬರ್ ಹಾಕಿ, ಎಸ್‌ಎಂಎಸ್‌ನಲ್ಲಿ ಬರುವ ಹೊಸ ಕೋಡ್ ತುಂಬಿದರೆ ಕಳ್ಳ ಹೊರಬೀಳುತ್ತಾನೆ. ಅವನು ಎರಡು ಹಂತದ ಪಿನ್ ಹಾಕಿಟ್ಟಿದ್ದರೆ ಮೇಷ್ಟ್ರು ಒಳಹೋಗಲು 7 ದಿನ ಕಾಯಬೇಕಾಗುತ್ತದೆ. ಆದರೂ ಕೋಡ್ ತುಂಬಿದ ಗಳಿಗೆಯಲ್ಲೇ ಅವನಂತೂ ಆಚೆ ಹೋಗಿರುತ್ತಾನೆ, ಹಾಗಾಗಿ ಪಿನ್ ಗೊತ್ತಿಲ್ಲವೆಂದು ಆ ಹೆಜ್ಜೆಯನ್ನು ಬಿಡಬಾರದು.

ಕಳ್ಳ ಕಳಿಸಿದ ಸಂದೇಶಗಳು ಮಾತ್ರ ಮೇಷ್ಟ್ರಿಗೆ ಎಂದೂ ಸಿಗುವುದಿಲ್ಲ. ಅವು ಹೋದದ್ದು ಅವನ ಫೋನಿನಿಂದ, ಬಂದು ಬಿದ್ದದ್ದು ಗೆಳೆಯರ ಫೋನಿಗೆ. ಎಂದರೆ ಸಾಕ್ಷಿಯೆಲ್ಲ ಗೆಳೆಯರ ಕೈಯಲ್ಲಿದೆ, ಅವರೋ ಸಿಟ್ಟಿಗೆ ಮೊದಲು ಮಾಡುವುದು ಬ್ಲಾಕ್ ಮತ್ತು ಡಿಲೀಟ್. ಕಳ್ಳನಿಗೂ ಕಳಿಸಿದ್ದನ್ನು ಎಲ್ಲರ ಫೋನಿನಿಂದ ಅಳಿಸಲು ಸುಮಾರು ಎರಡು ದಿನ ಅವಕಾಶ ಇರುತ್ತದೆ. ಹಾಗಾಗಿ ಮೇಷ್ಟ್ರು ಒಬ್ಬೊಬ್ಬರಿಗೂ ಕರೆ ಮಾಡಿ ಹೇಳಬೇಕಾದ ಮೊದಲ ಮಾತು, "ಏನನ್ನೂ ಅಳಿಸಬೇಡಿ, ಈಗಲೇ ಫೋಟೊ ತೆಗೆದಿಡಿ" ಎಂಬುದು.

ಆ ಫೋಟೊದಲ್ಲೂ ಒಂದು ಸೂಕ್ಷ್ಮವಿದೆ. ಗೆಳೆಯರ ಪರದೆಯ ಮೇಲೆ ಕಾಣುವುದು "ಮೇಷ್ಟ್ರು" ಎಂದು ಅವರೇ ಉಳಿಸಿಕೊಂಡ ಹೆಸರು, ನಂಬರಲ್ಲ. ಹೆಸರಿನ ಮೇಲೆ ಒತ್ತಿ, +91 ಸಮೇತ ನಂಬರ್ ತೋರಿಸುವ ಪುಟದ್ದೂ ಒಂದು ಸ್ಕ್ರೀನ್‌ಶಾಟ್ ಬೇಕು. ದಿನಾಂಕ, ಸಮಯ ಕಾಣುವಂತಿರಲಿ, ಅಂಚು ಕತ್ತರಿಸುವುದು ಬೇಡ. ಚಾಟನ್ನು ಎಕ್ಸ್‌ಪೋರ್ಟ್ ಮಾಡಿದರೆ ಪ್ರತಿ ಸಾಲಿಗೂ ಸಮಯ ಇರುವ ಕಡತ ಸಿಗುತ್ತದೆ, ಅದನ್ನೂ ಇಟ್ಟುಕೊಳ್ಳಿ. ಮುಂದೆ ನ್ಯಾಯಾಲಯಕ್ಕೆ ಹೋದರೆ ಈ ಪ್ರತಿಗಳ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಸಂದೇಶ ಇರುವ ಫೋನನ್ನು ಮಾರುವುದು, ರೀಸೆಟ್ ಮಾಡುವುದು ಅಲ್ಲಿಯವರೆಗೆ ಬೇಡ.

ವಾಟ್ಸ್ಆ್ಯಪ್‌ನಂಥ ಕಂಪನಿಗೆ ಬೇಕಾದ ಸಾಕ್ಷಿ ಬೇರೆಯೇ. ಹಣ ಎಲ್ಲಿಗೆ ಹೋಯಿತೆಂದು ಅದು ನೋಡುವುದಿಲ್ಲ, ಯುಟಿಆರ್ ಅದಕ್ಕೆ ಬೇಕಿಲ್ಲ. ಈ ಖಾತೆ ನಿಮ್ಮದೇ ಎಂಬುದಕ್ಕೆ, ಯಾವ ಹೊತ್ತಿನಲ್ಲಿ ಅದು ನಿಮ್ಮ ಕೈಯಲ್ಲಿರಲಿಲ್ಲ ಎಂಬುದಕ್ಕೆ ಆಧಾರ ಬೇಕು. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಆದರೆ ಕಳ್ಳ ಹೆಸರು ಬದಲಿಸಿರುತ್ತಾನೆ. ಪ್ರೊಫೈಲಿನ ಪೂರ್ತಿ ಲಿಂಕನ್ನು ಗೆಳೆಯರಿಂದ ತರಿಸಿಕೊಂಡು, ಇಮೇಲ್ ವಿಳಾಸ ಬದಲಾಗಿದೆ ಎಂದು ಕಂಪನಿ ಕಳಿಸಿದ ಪತ್ರವನ್ನು ಕಾಪಾಡಿಕೊಂಡು, instagram.com/hacked ಅಥವಾ facebook.com/hacked ಪುಟಕ್ಕೆ ಹೋಗಬೇಕು. ಉತ್ತರ ಬಾರದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಪೊಲೀಸ್ ಸ್ವೀಕೃತಿ ಸಂಖ್ಯೆ ಸಮೇತ ಬರೆಯಿರಿ. 2021ರ ನಿಯಮದಂತೆ ದೂರು ತಲುಪಿದೆ ಎಂದು 24 ಗಂಟೆಯೊಳಗೆ ಅವರು ತಿಳಿಸಬೇಕು. ಅವರ ತೀರ್ಮಾನ ಸಮಾಧಾನ ತರದಿದ್ದರೆ ಸರ್ಕಾರದ ಮೇಲ್ಮನವಿ ಸಮಿತಿಗೆ gac.gov.in ಮೂಲಕ 30 ದಿನದೊಳಗೆ ಹೋಗಬಹುದು.

ಕಳ್ಳ ಬಳಸಿದ ಐಪಿ ವಿಳಾಸ, ಫೋನಿನ ವಿವರ ಮೇಷ್ಟ್ರು ಎಷ್ಟು ಕೇಳಿದರೂ ಸಿಗುವುದಿಲ್ಲ. ಕಂಪನಿಗಳು ಅದನ್ನು ಕೊಡುವುದು ಪೊಲೀಸರ ಲಿಖಿತ ನೋಟಿಸಿಗೆ. ಆ ನೋಟಿಸಿನಲ್ಲಿ ಯಾವ ನಂಬರ್, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂದು ಹೇಳಲು ಪೊಲೀಸರಿಗೆ ಆಧಾರ ಮೇಷ್ಟ್ರ ದೂರೇ. ತಡೆಹಿಡಿದ ಹಣವೂ ತಾನಾಗಿ ಗೆಳೆಯರ ಖಾತೆಗೆ ಬರುವುದಿಲ್ಲ, ಕೆಲವೊಮ್ಮೆ ನ್ಯಾಯಾಲಯದ ಆದೇಶವೂ ಬೇಕಾಗಬಹುದು. ಅಲ್ಲಿಗೆ ಅರ್ಜಿ ಹಾಕುವಾಗಲೂ ಗೆಳೆಯರು ಮೊದಲು ತೆಗೆದಿಡುವ ಕಾಗದ, ಆ ಭಾನುವಾರ ಮಧ್ಯಾಹ್ನ ಬಂದ ಎಸ್‌ಎಂಎಸ್‌ನ ಪ್ರಿಂಟು.