ಸವಕಳಿ ಹೆಚ್ಚು ಕಡಿದರೆ ಕಂಪನಿಗೆ ಏನೆಂದು ಬರೆಯಬೇಕು?

ಅಪಘಾತವಾದ ಕಾರಿನ ರಿಪೇರಿ ಬಿಲ್ಲಿಗೂ ವಿಮಾ ಕಂಪನಿ ಕೊಡುವ ಹಣಕ್ಕೂ ದೊಡ್ಡ ಅಂತರ ಬೀಳುವುದು ಹೆಚ್ಚಾಗಿ ಸವಕಳಿಯಿಂದ. 'ದಯವಿಟ್ಟು ಮರುಪರಿಶೀಲಿಸಿ' ಎಂದಷ್ಟೇ ಬರೆದ ಪತ್ರಕ್ಕೆ 'ನಿಯಮದಂತೆ ಕಡಿತವಾಗಿದೆ' ಎಂಬ ಒಂದು ಸಾಲಿನ ಉತ್ತರ ಸಾಕಾಗುತ್ತದೆ. ಆದ್ದರಿಂದ ಮೊದಲು ಸರ್ವೇಯರ್ ವರದಿಯ ಪ್ರತಿ ಕೇಳಿ ಪಡೆಯಿರಿ. ಅದನ್ನು ಪಾಲಿಸಿಯಲ್ಲಿರುವ ಸವಕಳಿ ಪಟ್ಟಿಯ ಪಕ್ಕದಲ್ಲಿಟ್ಟು ಓದಿ. 'ಜೀರೋ ಡೆಪ್' ಇಲ್ಲದ ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ. 50 ಸವಕಳಿ, ಗಾಜಿಗೆ ಏನೂ ಇಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನಂತೆ: ಒಂದರಿಂದ ಎರಡು ವರ್ಷದೊಳಗೆ ಶೇ. 10, ಎರಡರಿಂದ ಮೂರು ವರ್ಷದೊಳಗೆ ಶೇ. 15.

ಒಂದು ಉದಾಹರಣೆ ನೋಡೋಣ. ಕಾರಿಗೆ ಎರಡು ವರ್ಷ ತುಂಬಲು ಇನ್ನೂ ಒಂದು ತಿಂಗಳಿರುವಾಗ ಅಪಘಾತವಾಯಿತು. ರಿಪೇರಿ ಬಿಲ್ ಬರುವ ಹೊತ್ತಿಗೆ ಎರಡು ವರ್ಷ ದಾಟಿತ್ತು. ಬಾಗಿಲು, ಫೆಂಡರ್ ಸೇರಿ ಲೋಹದ ಭಾಗಗಳಿಗೆ 40,000 ರೂಪಾಯಿ. ಬಿಲ್ಲಿನ ದಿನ ಹಿಡಿದು ಶೇ. 15ರಂತೆ 6,000 ಕಡಿದರು. ಲೆಕ್ಕಕ್ಕೆ ಬರಬೇಕಾದ್ದು ಅಪಘಾತದ ದಿನ; ಕಡಿಯಬೇಕಾದ್ದು 4,000. ಬಂಪರಿನ 12,000ದಲ್ಲಿ ಅರ್ಧ ಕಡಿದದ್ದು ಸರಿಯೇ.

ದೊಡ್ಡ ಪೆಟ್ಟು ಬಿದ್ದದ್ದು ಪೇಂಟಿಂಗ್‌ನಲ್ಲಿ. ಕೂಲಿಗೆ ಸವಕಳಿ ಇಲ್ಲ, ಬಣ್ಣದ ಸಾಮಗ್ರಿಗೆ ಮಾತ್ರ ಶೇ. 50. ಎರಡನ್ನೂ ಬೇರ್ಪಡಿಸದೆ ಒಟ್ಟು ಬಿಲ್ ಕೊಟ್ಟಿದ್ದರೆ ಅದರ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿಯಬೇಕು. ಪೇಂಟಿಂಗ್‌ನ ಒಟ್ಟು ಬಿಲ್ 24,000 ಆದರೆ ಸಾಮಗ್ರಿ 6,000, ಸವಕಳಿ 3,000. ಇಲ್ಲಿ ಇಡೀ ಮೊತ್ತದ ಅರ್ಧ, 12,000 ಕಡಿದಿದ್ದಾರೆ.

ಪತ್ರ ಹೀಗಿರಲಿ:

'ಮಾನ್ಯರೇ, ಮೇಲ್ಕಂಡ ಕ್ಲೈಮ್‌ನಲ್ಲಿ ಬಂಪರಿನ ಸವಕಳಿಯನ್ನು ಒಪ್ಪುತ್ತೇನೆ. ಲೋಹದ ಭಾಗಗಳಿಗೆ ಅಪಘಾತದ ದಿನದ ವಯಸ್ಸಿನಂತೆ ಶೇ. 10 ಅನ್ವಯಿಸಬೇಕು, 2,000 ರೂ. ಹೆಚ್ಚು ಕಡಿತವಾಗಿದೆ. ಪೇಂಟಿಂಗ್‌ನ ಒಟ್ಟು ಬಿಲ್ಲಿನ ಶೇ. 25ಕ್ಕೆ ಮಾತ್ರ ಸವಕಳಿ ಸಲ್ಲುತ್ತದೆ, 9,000 ರೂ. ಹೆಚ್ಚು ಕಡಿತವಾಗಿದೆ. ಒಟ್ಟು 11,000 ರೂ. ಪಾವತಿಸಿ, ಇಲ್ಲವೇ ಪಾಲಿಸಿಯ ಯಾವ ಷರತ್ತಿನಡಿ ಕಡಿದಿರಿ ಎಂದು ಲಿಖಿತವಾಗಿ ತಿಳಿಸಿ.'

ಆರ್‌ಸಿ, ಬಿಲ್, ಸರ್ವೇಯರ್ ವರದಿಯ ಪ್ರತಿ ಲಗತ್ತಿಸಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳಿಸಿ. 'ಪೂರ್ಣ ಮತ್ತು ಅಂತಿಮ ಪಾವತಿ' ಎಂಬ ವೋಚರಿಗೆ ಅದಕ್ಕೂ ಮುಂಚೆ ಸಹಿ ಹಾಕಿಬಿಟ್ಟರೆ ವಾದ ಕಷ್ಟವಾಗುತ್ತದೆ. ಹಾಕಲೇಬೇಕಾದರೆ ಆಕ್ಷೇಪಣೆ ಇದೆಯೆಂದು ಅಲ್ಲೇ ಬರೆಯಿರಿ.

'ಸರ್ವೇಯರ್ ಹೇಳಿದ ಮೇಲೆ ಮುಗಿಯಿತು' ಎನ್ನುವವರಿದ್ದಾರೆ. ಅದು ತಪ್ಪು. ಸರ್ವೇಯರ್ ವರದಿಯೇ ಕೊನೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಕಂಪನಿ ದೂರನ್ನು ತಿರಸ್ಕರಿಸಿದರೆ, ಅಥವಾ ತಿಂಗಳಾದರೂ ಉತ್ತರಿಸದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.