ಕೆಫೀನ್ ಅಷ್ಟೇ, ಪರಿಣಾಮ ಬೇರೆ

ಎನರ್ಜಿ ಡ್ರಿಂಕ್ ಬೇಡ ಎಂದರೆ ಮಕ್ಕಳು ಕೊಡುವ ಉತ್ತರ ಒಂದೇ: "ಕಾಫಿಯಲ್ಲಿರೋದೇ ಅದರಲ್ಲೂ ಇರೋದು." ಕೆಫೀನ್ ಲೆಕ್ಕಕ್ಕೆ ಇದು ಬಹುಮಟ್ಟಿಗೆ ನಿಜ. 250 ಮಿಲಿಲೀಟರಿನ ಡಬ್ಬಿಯಲ್ಲಿ ಸಾಮಾನ್ಯವಾಗಿ 75–80 ಮಿಲಿಗ್ರಾಂ ಕೆಫೀನ್ ಇರುತ್ತದೆ, ಒಂದು ಲೋಟ ಸ್ಟ್ರಾಂಗ್ ಕಾಫಿಯಷ್ಟೇ. ಆದರೆ ಹೃದಯ ಎರಡನ್ನೂ ಒಂದೇ ರೀತಿ ತೆಗೆದುಕೊಳ್ಳುತ್ತದೆಯೇ?

ಇದನ್ನೇ ಪರೀಕ್ಷಿಸಿದ ಅಮೆರಿಕದ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು. ಆರೋಗ್ಯವಂತರಾದ 18 ಜನರಿಗೆ ಒಂದು ಸರದಿಯಲ್ಲಿ ಸುಮಾರು 950 ಮಿಲಿಲೀಟರ್ ಎನರ್ಜಿ ಡ್ರಿಂಕ್, ಇನ್ನೊಂದರಲ್ಲಿ ಅಷ್ಟೇ ಕೆಫೀನ್ ಬೆರೆಸಿದ ಬೇರೊಂದು ಪಾನೀಯ ಕೊಟ್ಟರು. ಎರಡರಲ್ಲೂ ಕೆಫೀನ್ 320 ಮಿಲಿಗ್ರಾಂ; ಎನರ್ಜಿ ಡ್ರಿಂಕ್‌ನಲ್ಲಿ ಅದರ ಜೊತೆಗೆ ಟಾರಿನ್, 108 ಗ್ರಾಂ ಸಕ್ಕರೆ ಮತ್ತಿತರ ಪದಾರ್ಥಗಳಿದ್ದವು. ಕೆಫೀನ್ ಪಾನೀಯ ಕುಡಿದವರ ರಕ್ತದೊತ್ತಡ ಆರು ಗಂಟೆಗಳಲ್ಲಿ ಬಹುತೇಕ ಮೊದಲಿನಂತಾಯಿತು. ಎನರ್ಜಿ ಡ್ರಿಂಕ್ ಕುಡಿದಾಗ ಅದು ಆಗಲೂ ಏರಿಯೇ ಇತ್ತು.

ಇಸಿಜಿಯಲ್ಲಿ ಕಂಡದ್ದು ಇನ್ನೂ ಮುಖ್ಯ. ಪ್ರತಿ ಬಡಿತದ ನಂತರ ಹೃದಯದ ಕೆಳಕೋಣೆಗಳು ಮುಂದಿನ ಬಡಿತಕ್ಕಾಗಿ ವಿದ್ಯುತ್ತಿನ ಮಟ್ಟದಲ್ಲಿ ಮತ್ತೆ ಸಜ್ಜಾಗಬೇಕು. ಇಸಿಜಿಯ 'ಕ್ಯೂಟಿ' ಅಂತರ ಅಳೆಯುವುದು ಮುಖ್ಯವಾಗಿ ಈ ಸಮಯವನ್ನೇ. ಎನರ್ಜಿ ಡ್ರಿಂಕ್ ಕುಡಿದ ಎರಡು ಗಂಟೆಗೆ ಅದು ಕೆಫೀನ್ ಪಾನೀಯಕ್ಕಿಂತ 10 ಮಿಲಿಸೆಕೆಂಡ್ ಹೆಚ್ಚು ಉದ್ದವಾಗಿತ್ತು. ಸಜ್ಜಾಗುವುದು ತೀರಾ ತಡವಾದರೆ, ನಡುವೆ ನುಗ್ಗಿದ ಒಂದು ಅಕಾಲ ಬಡಿತ ಹೃದಯದ ಲಯವನ್ನೇ ಕೆಡಿಸಬಲ್ಲದು.

ಹತ್ತು ಮಿಲಿಸೆಕೆಂಡ್ ಗಟ್ಟಿ ಹೃದಯಕ್ಕೆ ಏನೂ ಅಲ್ಲ. ಪ್ರಯೋಗ ಚಿಕ್ಕದು, ಕೊಟ್ಟ ಪ್ರಮಾಣವೋ ದೊಡ್ಡದು. ದೋಷ ಟಾರಿನ್‌ನದೋ ಇಡೀ ಮಿಶ್ರಣದ್ದೋ ಎಂಬುದೂ ಅದರಿಂದ ತಿಳಿಯುವುದಿಲ್ಲ. ನನ್ನ ಆತಂಕ ಇರುವುದು ಹುಟ್ಟಿನಿಂದಲೇ ಕ್ಯೂಟಿ ಉದ್ದವಿದ್ದು, ಅದು ಗೊತ್ತೇ ಇಲ್ಲದ ಹುಡುಗ ಹುಡುಗಿಯರ ಬಗ್ಗೆ. ವಾಂತಿಭೇದಿಯಿಂದ ಪೊಟ್ಯಾಸಿಯಂ ಇಳಿದಿದ್ದರೆ, ಅಥವಾ ಕ್ಯೂಟಿ ಹಿಗ್ಗಿಸುವ ಕೆಲವು ಆಂಟಿಬಯಾಟಿಕ್ ಸೇವಿಸುತ್ತಿದ್ದರೆ ಅಪಾಯ ಇನ್ನೂ ಹೆಚ್ಚು.

ಇನ್ನು ಸಕ್ಕರೆ. ಅದು ಕೆಫೀನಿನ ಕಹಿಯನ್ನು ಮುಚ್ಚುತ್ತದೆ. ಬಿಸಿ ಕಾಫಿಯನ್ನು ಗುಟುಕರಿಸಬೇಕು. ತಣ್ಣನೆಯ ಸಿಹಿ ಡಬ್ಬಿ ಒಂದೇ ಉಸಿರಿಗೆ ಖಾಲಿಯಾಗುತ್ತದೆ, ಇನ್ನೊಂದು ಬೇಕೆನಿಸುತ್ತದೆ. ಹದಿಹರೆಯದವರಿಗೆ ದಿನಕ್ಕೆ ದೇಹತೂಕದ ಕಿಲೋಗೆ 3 ಮಿಲಿಗ್ರಾಂ ಕೆಫೀನ್ ಮಿತಿ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಸೂಚಿಸಿದೆ. 45 ಕಿಲೋ ತೂಗುವ ಹುಡುಗಿಗೆ ಅದು 135 ಮಿಲಿಗ್ರಾಂ. ಪರೀಕ್ಷೆಯ ಹಿಂದಿನ ರಾತ್ರಿ ಎರಡು ಡಬ್ಬಿ ಕುಡಿದರೆ ಮಿತಿ ದಾಟಿದಂತೆಯೇ. ಬೆಳಗಿನ ಕಾಫಿ ಬೇರೆ.

ಓಡುವಾಗ ಪ್ರಜ್ಞೆ ತಪ್ಪಿದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಆಗಿದ್ದರೆ, ಮಗುವಿಗೆ ಒಮ್ಮೆ ಇಸಿಜಿ ಮಾಡಿಸಿ, ಹೃದಯ ವೈದ್ಯರಿಗೆ ತೋರಿಸಿ. ಡಬ್ಬಿ ಕುಡಿದ ಮೇಲೆ ಎದೆಬಡಿತ ಏರುಪೇರಾಗಿ ತಲೆ ಸುತ್ತಿದರೆ ಬೆಳಗಾಗಲೆಂದು ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.